ಸಹಪಾಠಿಯ ಉತ್ತರಕ್ಕೆ ಅಂಕ ಕೊಡುವ ಬಗೆ

‘1857ರ ದಂಗೆಗೆ ಎರಡು ರಾಜಕೀಯ ಕಾರಣಗಳನ್ನು ವಿವರಿಸಿ’ ಎಂಬ ನಾಲ್ಕು ಅಂಕದ ಪ್ರಶ್ನೆ. ಮಕ್ಕಳೇ ಪರಸ್ಪರ ಉತ್ತರ ತಿದ್ದುವಾಗ ‘ಚೆನ್ನಾಗಿದೆಯೇ?’ ಎಂದು ಕೇಳಿದರೆ ಮುದ್ದಾದ ಅಕ್ಷರಕ್ಕೋ ಗೆಳೆತನಕ್ಕೋ ಅಂಕ ಹೋಗುತ್ತದೆ. ಆದ್ದರಿಂದ ತಾಳೆಪಟ್ಟಿಯ ಪ್ರಶ್ನೆಗಳಿಗೆ ಹೌದು ಅಥವಾ ಇಲ್ಲ ಎಂದಷ್ಟೇ ಉತ್ತರವಿರಬೇಕು.

ಪ್ರತಿ ಕಾರಣಕ್ಕೂ ಎರಡು ಪ್ರಶ್ನೆ ಸಾಕು. ಕಾರಣದ ಜೊತೆ ಸರಿಯಾದ ಹೆಸರು, ಊರು ಅಥವಾ ಇಸವಿಯ ಆಧಾರವಿದೆಯೇ? ಆ ಕಾರಣದಿಂದ ಯಾರು, ಏಕೆ ಸಿಡಿದೆದ್ದರು ಎಂದು ಹೇಳಿದೆಯೇ? ಒಂದೊಂದು ‘ಹೌದು’ಗೂ ಒಂದು ಅಂಕ. ‘ಹೌದು’ ಎಂದವರು ಅದಕ್ಕೆ ಆಧಾರವಾದ ವಾಕ್ಯದ ಕೆಳಗೆ ಗೆರೆ ಎಳೆಯಲೇಬೇಕು; ನನ್ನ ಪ್ರಕಾರ ಇಡೀ ಪಟ್ಟಿಯ ಜೀವ ಇದೇ.

ಒಬ್ಬಳು ಬರೆದಿದ್ದಾಳೆ ಎನ್ನೋಣ: ‘ಡಾಲ್‌ಹೌಸಿ ದತ್ತು ಮಕ್ಕಳಿಗೆ ಹಕ್ಕಿಲ್ಲ ಎಂಬ ನೀತಿಯಿಂದ ಝಾನ್ಸಿಯನ್ನು ಕಿತ್ತುಕೊಂಡ. ಹಕ್ಕು ಕಳೆದುಕೊಂಡ ರಾಣಿ ಬ್ರಿಟಿಷರ ವಿರುದ್ಧ ನಿಂತಳು. ಅದೇ ನೀತಿಯಿಂದ ಅವಧ್ ಕೂಡ ಹೋಯಿತು.’ ಮೊದಲ ಕಾರಣಕ್ಕೆ ಎರಡೂ ಅಂಕ. ಎರಡನೆಯದಕ್ಕೆ ಸೊನ್ನೆ. 1856ರಲ್ಲಿ ಅವಧನ್ನು ಕಸಿದದ್ದು ದುರಾಡಳಿತದ ನೆಪದಲ್ಲಿ, ದತ್ತು ನೀತಿಯಿಂದಲ್ಲ. ಪರಿಣಾಮದ ಮಾತೂ ಅಲ್ಲಿಲ್ಲ. ಇಂಥ ತಪ್ಪು ಕಣ್ತಪ್ಪುವುದು ಸುಲಭ, ಹಾಗಾಗಿ ತಿದ್ದುವಾಗ ಪಠ್ಯಪುಸ್ತಕ ತೆರೆದಿರಲಿ.

ಮೊದಲು ಒಂದೇ ಮಾದರಿ ಉತ್ತರವನ್ನು ಇಡೀ ತರಗತಿ ತಿದ್ದಿ, ಅಂಕ ಬೇರೆಯಾದಲ್ಲಿ ಚರ್ಚಿಸಬೇಕು. ಆಮೇಲೆ ಹೆಸರಿನ ಬದಲು ಸಂಖ್ಯೆಯಿರುವ ಹಾಳೆಗಳನ್ನು ಇಬ್ಬಿಬ್ಬರು ಬೇರೆ ಬೇರೆಯಾಗಿ ತಿದ್ದಲಿ. ಒಂದಕ್ಕಿಂತ ಹೆಚ್ಚು ಅಂಕದ ಅಂತರ ಬಂದ ಹಾಳೆಯನ್ನು ಶಿಕ್ಷಕರೇ ನೋಡಬೇಕು. ಪಟ್ಟಿ ಊಹಿಸದ ಸ್ವಂತ ವಾದ ಬರೆದ ಮಗುವಿನ ಹಾಳೆಯೂ ಅವರ ಕೈಗೇ ಹೋಗಲಿ.