ಶಿಲ್ಕು ಎಲ್ಲಿ ತಪ್ಪಿತು?

ಸಾಲ ಕೊಡುವ ಆ್ಯಪ್‌ಗಳು ಅರ್ಜಿದಾರರಿಂದ ಕೆಲವು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್ ಕೇಳುತ್ತವೆ. ಪಿಡಿಎಫ್ ಕಡತ ಬಂದ ಕೂಡಲೇ ತಂತ್ರಾಂಶವು ಪ್ರತಿ ಸಾಲನ್ನೂ ಓದಿ ದಿನಾಂಕ, ವಿವರ, ಕಡಿತ, ಜಮೆ, ಶಿಲ್ಕು ಎಂದು ಬಿಡಿಸಿಕೊಳ್ಳುತ್ತದೆ. ಆದಾಯ ಎಷ್ಟು, ಕಂತು ಎಷ್ಟು ಎಂಬ ಲೆಕ್ಕವೆಲ್ಲ ಆಮೇಲಿನದು. ಓದಿದ್ದು ಸರಿಯಾಗಿದೆಯೇ, ಕಡತವನ್ನು ಯಾರಾದರೂ ತಿದ್ದಿದ್ದಾರೆಯೇ ಎಂಬುದು ಮೊದಲು ಗೊತ್ತಾಗಬೇಕು.

ಇದಕ್ಕೆ ಸ್ಟೇಟ್‌ಮೆಂಟಿನೊಳಗೇ ಒಂದು ಸಾಕ್ಷಿಯಿದೆ. ಹಿಂದಿನ ಶಿಲ್ಕಿಗೆ ಜಮೆ ಕೂಡಿಸಿ ಕಡಿತ ಕಳೆದರೆ ಆ ಸಾಲಿನಲ್ಲಿ ಅಚ್ಚಾಗಿರುವ ಶಿಲ್ಕೇ ಬರಬೇಕು. ನಿಯಮವನ್ನು ಹೀಗೆ ಬರೆಯಬಹುದು:

```
gap = balance - (prev_balance + credit - debit)
```

ಆರಂಭ ಶಿಲ್ಕು 18,450 ರೂಪಾಯಿ ಇರುವ ಒಂದು ಖಾತೆಯನ್ನು ತೆಗೆದುಕೊಳ್ಳೋಣ. ಏಪ್ರಿಲ್ 3ರಂದು ಯುಪಿಐನಲ್ಲಿ 1,200 ಹೋಗಿ 17,250 ಉಳಿಯಿತು. 5ರಂದು 32,000 ಸಂಬಳ ಬಂದು 49,250 ಆಯಿತು. 7ರಂದು 6,400 ಕಂತು ಕಟ್ಟಿ 42,850 ಆಯಿತು. ಎಲ್ಲ ಸಾಲಿನಲ್ಲೂ ವ್ಯತ್ಯಾಸ ಸೊನ್ನೆ.

ಸೊನ್ನೆ ಬಾರದಿದ್ದರೆ ಅರ್ಜಿಯನ್ನು ತಿರಸ್ಕರಿಸಿಬಿಡುವ ನಿಯಮ ಸುಲಭದ್ದು, ಆದರೆ ಕೆಟ್ಟದ್ದು. ವ್ಯತ್ಯಾಸದ ಸ್ವರೂಪವೇ ಕಾರಣವನ್ನು ಬಹುಮಟ್ಟಿಗೆ ಹೇಳುತ್ತದೆ. ತಂತ್ರಾಂಶವು 49,250 ಅನ್ನು 49,550 ಎಂದು ತಪ್ಪಾಗಿ ಓದಿತು ಎನ್ನಿ. ಆ ಸಾಲಿನಲ್ಲಿ 300 ಹೆಚ್ಚು, ಮುಂದಿನ ಸಾಲಿನಲ್ಲಿ ಅಷ್ಟೇ 300 ಕಡಿಮೆ ಬರುತ್ತದೆ. ಒಂದರ ಹಿಂದೆ ಒಂದು ಬಂದು ಪರಸ್ಪರ ವಜಾ ಆಗುವ ಇಂಥ ಜೋಡಿ ಕಂಡರೆ, ಕೆಟ್ಟಿರುವುದು ಒಂದೇ ಒಂದು ಶಿಲ್ಕಿನ ಅಂಕಿ. ಯುಪಿಐ ಕಡಿತವನ್ನು ಜಮೆಯೆಂದು ಓದಿದ್ದರೆ ವ್ಯತ್ಯಾಸ 2,400, ಅಂದರೆ ಮೊತ್ತದ ಸರಿಯಾಗಿ ಎರಡರಷ್ಟು. ಅಂಕಣ ಅದಲುಬದಲಾಗಿದೆ ಎಂಬುದಕ್ಕೆ ಇದು ಗುರುತು. ಪುಟ ಬದಲಾಗುವಲ್ಲೇ ಕೊಂಡಿ ಕಳಚಿದ್ದರೆ ಒಂದು ಸಾಲೋ ಒಂದು ಪುಟವೋ ಬಿಟ್ಟುಹೋಗಿರುವ ಸಂಭವ ಹೆಚ್ಚು. ಇವುಗಳಿಗೆಲ್ಲ ಮತ್ತೆ ಓದುವುದು ಅಥವಾ ಪೂರ್ತಿ ಕಡತ ಕೇಳುವುದು ಪರಿಹಾರ.

ಸಂಬಳದ 32,000 ಅನ್ನು ಯಾರೋ 52,000 ಎಂದು ತಿದ್ದಿ, ಶಿಲ್ಕನ್ನು ಹಾಗೇ ಬಿಟ್ಟರೆ ಚಿತ್ರ ಬೇರೆ. ಪುಟದ ನಡುವೆ, ಒಂದೇ ಕಡೆ, ಸರಿಯಾಗಿ 20,000 ವ್ಯತ್ಯಾಸ. ಮುಂದೆಲ್ಲ ಲೆಕ್ಕ ತಾಳೆ. ಇಂಥದ್ದನ್ನು ಮನುಷ್ಯರ ಪರಿಶೀಲನೆಗೆ ಕಳಿಸಬೇಕು. ಆಗಲೂ ಅದು ಅನುಮಾನವೇ ಹೊರತು ಅಪರಾಧದ ರುಜುವಾತಲ್ಲ, ಏಕೆಂದರೆ 3 ಅನ್ನು 5 ಎಂದು ಯಂತ್ರವೂ ಓದಬಲ್ಲದು.

ಲೆಕ್ಕದಲ್ಲಿ ಎರಡು ಎಚ್ಚರಿಕೆ ಬೇಕು. ಮೊತ್ತಗಳನ್ನು ಪೈಸೆಯಲ್ಲಿ ಪೂರ್ಣಾಂಕವಾಗಿ ಇಟ್ಟುಕೊಳ್ಳಬೇಕು; ದಶಮಾಂಶದಲ್ಲಿಟ್ಟರೆ ಕಂಪ್ಯೂಟರಿನ ಲೆಕ್ಕದಲ್ಲಿ ಉಳಿಯುವ ಅತಿಸಣ್ಣ ಶೇಷವೇ ಸುಳ್ಳು ದೋಷವಾಗಿ ಕಾಣುತ್ತದೆ. ಓವರ್‌ಡ್ರಾಫ್ಟ್ ಖಾತೆಯಲ್ಲಿ ಶಿಲ್ಕಿನ ಪಕ್ಕದ Dr ಗುರುತನ್ನು ಋಣವೆಂದು ಓದಬೇಕು.

ದಿನಾಂಕದ ತೊಡಕು ಇನ್ನೂ ಸೂಕ್ಷ್ಮ. 03/04/2025 ನಮ್ಮ ಬ್ಯಾಂಕುಗಳಲ್ಲಿ ಏಪ್ರಿಲ್ 3. ಪೈಥಾನ್‌ನ `dateutil` ಅದನ್ನು ತಾನಾಗಿ ಮಾರ್ಚ್ 4 ಎಂದು ಓದುತ್ತದೆ. 13/04/2025 ಬಂದಾಗ ಹದಿಮೂರನೆಯ ತಿಂಗಳಿಲ್ಲವೆಂದು ಕಂಡು, ಸದ್ದಿಲ್ಲದೆ ಏಪ್ರಿಲ್ 13 ಎಂದು ತಿರುಗಿಸಿಕೊಳ್ಳುತ್ತದೆ. ಹೀಗೆ ತಿಂಗಳ ಮೊದಲ ಹನ್ನೆರಡು ದಿನಗಳು ಕದಡಿ, ಉಳಿದವು ಸರಿಯಾಗಿರುತ್ತವೆ. ಮೇಲಿನ ಖಾತೆಯ ಏಪ್ರಿಲ್ 5ರ ಸಂಬಳ ಮೇ 4ಕ್ಕೆ ಹಾರಿ, ಏಪ್ರಿಲಿನಲ್ಲಿ ಆದಾಯವೇ ಇಲ್ಲವೆಂದಾಗುತ್ತದೆ. ಎಲ್ಲೂ ದೋಷದ ಸಂದೇಶ ಬರುವುದಿಲ್ಲ.

ಆದ್ದರಿಂದ ದಿನಾಂಕದ ಮಾದರಿಯನ್ನು ಸಾಲಿಗೊಂದರಂತಲ್ಲ, ಇಡೀ ಕಡತಕ್ಕೆ ಒಂದೇ ಎಂದು ತೀರ್ಮಾನಿಸಬೇಕು. ಎಲ್ಲಾದರೂ ಮೊದಲ ಅಂಕಿ 12 ದಾಟಿದ್ದರೆ ಅದು ದಿನವೇ. ದಾಟದಿದ್ದರೆ ತಲೆಬರಹದಲ್ಲಿ ಅಚ್ಚಾಗಿರುವ ಅವಧಿ ನೆರವಾಗುತ್ತದೆ: ಆ ಅವಧಿಯೊಳಗೆ ಬಂದು, ಏರುಕ್ರಮದಲ್ಲೋ ಇಳಿಕ್ರಮದಲ್ಲೋ ಎಡೆಬಿಡದೆ ಸಾಗುವ ಓದು ಯಾವುದೋ ಅದೇ ಸರಿ. ಎರಡೂ ಓದು ಹೊಂದಿದರೆ ಊಹಿಸದೆ ತಡೆಹಿಡಿಯಬೇಕು.

ಕೆಲವು ಸ್ಟೇಟ್‌ಮೆಂಟುಗಳಲ್ಲಿ ಹೊಸ ವಹಿವಾಟು ಮೇಲಿರುತ್ತದೆ. ಅಲ್ಲಿ ಶಿಲ್ಕಿನ ಲೆಕ್ಕವನ್ನು ಕೆಳಗಿನಿಂದ ಮೇಲಕ್ಕೆ ಮಾಡಬೇಕು. ದಿನಾಂಕದ ಪ್ರಕಾರ ಮರುಜೋಡಿಸಿ ಸರಿಪಡಿಸಲು ಹೋಗುವುದು ತಪ್ಪು. ಒಂದೇ ದಿನದ ಹಲವು ವಹಿವಾಟುಗಳ ಒಳಕ್ರಮ ಕೆಟ್ಟರೆ ಇಲ್ಲದ ದೋಷಗಳು ಹುಟ್ಟುತ್ತವೆ. ಅಚ್ಚಾದ ಕ್ರಮವನ್ನು ಹಾಗೇ ಉಳಿಸಿಕೊಂಡು, ಬೇಕಿದ್ದರೆ ಪೂರ್ತಿಯಾಗಿ ತಲೆಕೆಳಗು ಮಾಡಬೇಕು.

ಈ ನಿಯಮಗಳಿಗೆ ಸಿಗದ ಮೋಸವೂ ಇದೆ. ಸಂಬಳದ ಜೊತೆಗೆ ಆ ಸಾಲಿನ ಮತ್ತು ಅದರ ಕೆಳಗಿನ ಎಲ್ಲ ಶಿಲ್ಕುಗಳನ್ನೂ 20,000 ಏರಿಸಿ ತಿದ್ದಿದರೆ ವ್ಯತ್ಯಾಸ ಎಲ್ಲೆಡೆ ಸೊನ್ನೆಯೇ. ಕೊನೆಯಲ್ಲಿರುವ ಒಟ್ಟು ಜಮೆಯ ಮೊತ್ತವನ್ನೂ ತಿದ್ದಿದ್ದರೆ ಅಂಕಿಗಳಿಂದ ಏನೂ ತಿಳಿಯದು. 2021ರ ಸೆಪ್ಟೆಂಬರ್‌ನಲ್ಲಿ ಬಳಕೆಗೆ ಬಂದ ಅಕೌಂಟ್ ಅಗ್ರಿಗೇಟರ್ ವ್ಯವಸ್ಥೆಯಲ್ಲಿ ಗ್ರಾಹಕರ ಒಪ್ಪಿಗೆಯ ಮೇಲೆ ಮಾಹಿತಿ ಬ್ಯಾಂಕಿನಿಂದಲೇ ಬರುವುದರಿಂದ ನಡುವೆ ತಿದ್ದಲು ಎಡೆಯಿಲ್ಲ. ಅಪ್‌ಲೋಡ್ ಮಾಡಿದ ಪಿಡಿಎಫ್ ಎಲ್ಲ ಪರೀಕ್ಷೆ ದಾಟಿದರೂ ಅದರ ದಾಖಲೆಯಲ್ಲಿ ‘ಲೆಕ್ಕ ತಾಳೆಯಾಗಿದೆ’ ಎಂದಷ್ಟೇ ಬರೆಯಬಹುದು, ‘ಅಸಲಿ’ ಎಂದಲ್ಲ.