ಸೀರೆಯ ದಡಿ ಎಲ್ಲಿ ಹೋಯಿತು?

ಇಳಕಲ್ ಸೀರೆಗಳನ್ನು ಆನ್‌ಲೈನ್‌ನಲ್ಲಿ ಮಾರಲು ಹೊರಟ ಒಂದು ಸಣ್ಣ ಅಂಗಡಿಯಿದೆ ಎಂದುಕೊಳ್ಳಿ. ಒಳ್ಳೆಯ ಫೋಟೋಗ್ರಾಫರನ್ನು ಕರೆಸಿದ್ದಾರೆ. ಸೀರೆ ಉಟ್ಟ ರೂಪದರ್ಶಿಯನ್ನು ಅಡಿಯಿಂದ ಮುಡಿಯವರೆಗೆ ಚೆನ್ನಾಗಿ ತೆಗೆದುಕೊಟ್ಟು ಅವರು ಹೋಗಿದ್ದಾರೆ. ಆದರೆ ವೆಬ್‌ಸೈಟಿಗೆ ಏರಿಸಿ ನೋಡಿದರೆ ಮುಖಪುಟದಲ್ಲಿ ರೂಪದರ್ಶಿಗೆ ತಲೆಯಿಲ್ಲ, ಕಾಲ ಬಳಿಯ ದಡಿಯೂ ಇಲ್ಲ. ಗಿರಾಕಿ ಬೆರಳಿನಿಂದ ಹಿಗ್ಗಿಸಿ ನೋಡಿದರೆ ನೇಯ್ಗೆಯ ಜಾಗದಲ್ಲಿ ಮಸುಕು ಬಣ್ಣವಷ್ಟೇ ಕಾಣುತ್ತದೆ. ಇಂಥ ಕಡೆ ಬೈಗುಳ ಬೀಳುವುದು ಫೋಟೋಗ್ರಾಫರಿಗೆ. ನಿಜವಾಗಿ ತಪ್ಪು ಅವರದಲ್ಲ. ಈ ಚಿತ್ರ ಯಾವ ಆಕಾರದ ಚೌಕಟ್ಟಿನಲ್ಲಿ, ಎಷ್ಟು ದೊಡ್ಡದಾಗಿ ಕೂರುತ್ತದೆ ಎಂಬುದನ್ನು ಯಾರೂ ಅವರಿಗೆ ಬರೆದುಕೊಟ್ಟಿರಲಿಲ್ಲ.

ಹಾಗೆ ಬರೆದುಕೊಡುವ ಸೂಚನಾಪತ್ರವನ್ನೇ ಈ ವೃತ್ತಿಯವರು ಬ್ರೀಫ್ ಎನ್ನುತ್ತಾರೆ. ಹೆಚ್ಚಿನ ಬ್ರೀಫ್‌ಗಳಲ್ಲಿ ‘ಬೆಳಕು ಮೃದುವಾಗಿರಲಿ’, ‘ಸಾಂಪ್ರದಾಯಿಕ ಕಳೆ ಬರಲಿ’ ಎಂಬಂಥ ಮಾತುಗಳೇ ತುಂಬಿರುತ್ತವೆ. ಅವು ಬೇಡವೆಂದಲ್ಲ. ಆದರೆ ಮೊದಲು ತೆರೆಯಬೇಕಾದದ್ದು ವೆಬ್‌ಸೈಟನ್ನು, ಅದೂ ಫೋನಿನಲ್ಲಿ. ಒಂದೇ ಚಿತ್ರ ಎಲ್ಲೆಲ್ಲಿ ಕಾಣಿಸಿಕೊಳ್ಳುತ್ತದೆ ಎಂದು ಪಟ್ಟಿ ಮಾಡಿದರೆ ಅರ್ಧ ಬ್ರೀಫ್ ತಾನಾಗಿ ಸಿದ್ಧವಾಗುತ್ತದೆ.

ನಮ್ಮ ಅಂಗಡಿಯಲ್ಲಿ ಸೀರೆಗಳ ಸಾಲು ಕಾಣುವ ಪುಟದ ಚೌಕಟ್ಟು 3:4, ಅಂದರೆ ಅಗಲ ಮೂರು ಪಾಲಾದರೆ ಎತ್ತರ ನಾಲ್ಕು ಪಾಲು. ಮುಖಪುಟದಲ್ಲೂ ಖರೀದಿ ಬುಟ್ಟಿಯಲ್ಲೂ ಅದೇ ಚಿತ್ರ ಚೌಕವಾಗಿ ಬರುತ್ತದೆ. ಸೈಟ್ ಕಟ್ಟುವವರು ಸಾಮಾನ್ಯವಾಗಿ `object-fit: cover` ಎಂಬ ಸಾಲನ್ನು ಹಾಕಿರುತ್ತಾರೆ. ಚೌಕಟ್ಟು ತುಂಬುವಷ್ಟು ಚಿತ್ರವನ್ನು ಇಟ್ಟು ಮಿಕ್ಕದ್ದನ್ನು ಮರೆಮಾಡು ಎಂಬುದು ಅದರ ಆಜ್ಞೆ. ಬೇರೇನೂ ಹೇಳದಿದ್ದರೆ ನಡುಭಾಗ ಉಳಿಯುತ್ತದೆ, ಅಂಚು ಹೋಗುತ್ತದೆ. 3:4ರ ಚಿತ್ರ ಚೌಕವಾದಾಗ ಎತ್ತರದ ಕಾಲು ಭಾಗ ಕಳೆಯುತ್ತದೆ: ಮೇಲಿನಿಂದ ಎಂಟನೇ ಒಂದು, ಕೆಳಗಿನಿಂದ ಎಂಟನೇ ಒಂದು. ತಲೆ ಮತ್ತು ದಡಿ ಹೋದದ್ದು ಹೀಗೆ.

ಆದ್ದರಿಂದ ಬ್ರೀಫಿನ ಮೊದಲ ಸಾಲು ಹೀಗಿರಬೇಕು: ‘ಚಿತ್ರ 3:4. ಮೇಲೆ ಕೆಳಗೆ ಎಂಟನೇ ಒಂದು ಭಾಗದಲ್ಲಿ ಹಿನ್ನೆಲೆ ಬಿಟ್ಟು ಬೇರೇನೂ ಬೇಡ. ದಡಿ, ಸೆರಗು ಎರಡೂ ನಡುವಿನ ಚೌಕದೊಳಗೆ ಇರಬೇಕು.’ ಮಾತಿಗಿಂತ ಗೆರೆ ವಾಸಿ. ಒಂದು ಆಯತ ಬರೆದು ಅದರೊಳಗೆ ಚೌಕ ಎಳೆದು ಕೊಡಿ. ಕ್ಯಾಮೆರಾವನ್ನು ಕಂಪ್ಯೂಟರಿಗೆ ಜೋಡಿಸಿ ತೆಗೆಯುವವರು ಆ ಗೆರೆಗಳನ್ನು ಪರದೆಯ ಮೇಲೆಯೇ ಇಟ್ಟುಕೊಂಡು ನೋಡುತ್ತಾರೆ. ಇನ್ನೊಂದು ಲೆಕ್ಕವನ್ನೂ ಮರೆಯಬಾರದು. ಹೆಚ್ಚಿನ ದೊಡ್ಡ ಕ್ಯಾಮೆರಾಗಳ ಚಿತ್ರ 2:3 ಆಕಾರದ್ದು. 3:4ಕ್ಕೆ ತರುವಾಗ ಎತ್ತರದಲ್ಲಿ ಒಂಬತ್ತನೇ ಒಂದು ಭಾಗ ಹೇಗೂ ಹೋಗುತ್ತದೆ. ಕ್ಯಾಮೆರಾದ ಕಿಂಡಿಯಲ್ಲಿ ಅಂಚಿನವರೆಗೆ ತುಂಬಿಸಿ ತೆಗೆದ ಚಿತ್ರ ಈ ಕೆಲಸಕ್ಕೆ ಬರುವುದಿಲ್ಲ.

ಇನ್ನು ಸೀರೆಗಳ ಸಾಲು. ಫೋನಿನಲ್ಲಿ ಒಂದು ಸಾಲಿಗೆ ಎರಡು ಚಿತ್ರ ಬಂದರೆ ಒಂದೊಂದರ ಅಗಲ ಸುಮಾರು 3 ಸೆಂಟಿಮೀಟರ್. ಇಳಕಲ್ ಸೀರೆ ಕೊಳ್ಳುವವರು ಮೊದಲು ನೋಡುವುದು ದಡಿಯನ್ನು. ಚಿಕ್ಕಿ ಪರಾಸೋ ಗೋಮಿಯೋ ಎಂಬುದರ ಮೇಲೆ ಮುಂದಿನ ಮಾತು. ದಡಿ 10 ಸೆಂಟಿಮೀಟರ್ ಇದೆ ಎನ್ನೋಣ. ಉಟ್ಟು ನಿಂತ ಚಿತ್ರದಲ್ಲಿ, ಸುತ್ತಲಿನ ಖಾಲಿ ಜಾಗವೂ ಸೇರಿ, ಚೌಕಟ್ಟು ಸುಮಾರು ಎರಡು ಮೀಟರ್ ಎತ್ತರವನ್ನೂ ಒಂದೂವರೆ ಮೀಟರ್ ಅಗಲವನ್ನೂ ಹಿಡಿಯುತ್ತದೆ. ಅದು 3 ಸೆಂಟಿಮೀಟರಿಗೆ ಕುಗ್ಗಿದಾಗ ದಡಿಗೆ ಸಿಗುವುದು 2 ಮಿಲಿಮೀಟರ್. ಅಷ್ಟರಲ್ಲಿ ಚಿಕ್ಕಿ ಪರಾಸವೂ ಒಂದೇ, ಬರಿ ಕೆಂಪು ಪಟ್ಟಿಯೂ ಒಂದೇ. ಅದೇ ಸೀರೆಯನ್ನು ಮಡಿಸಿ, ಸೆರಗಿನ ತೋಪು ತೆನೆ ಮೇಲೆ ಬರುವಂತೆ ಹರಡಿ, 60 ಸೆಂಟಿಮೀಟರ್ ಅಗಲದ ಚೌಕಟ್ಟಿನಲ್ಲಿ ತೆಗೆದರೆ ದಡಿ 5 ಮಿಲಿಮೀಟರ್ ಆಗುತ್ತದೆ. ಕಣ್ಣಿಗೆ ಅದು ಸಾಕು. ಸಾಲಿನಲ್ಲಿ ಕಾಣುವ ಮೊದಲ ಚಿತ್ರ ಮಡಿಸಿದ ಸೀರೆಯದಾಗಲಿ, ಉಟ್ಟ ಚಿತ್ರ ಎರಡನೆಯದಾಗಲಿ ಎಂದು ನಾನು ಹೇಳುವುದು ಇದೇ ಕಾರಣಕ್ಕೆ. ರೂಪದರ್ಶಿಗೆ ಹಣ ಕೊಟ್ಟವರಿಗೆ ಈ ಮಾತು ರುಚಿಸುವುದಿಲ್ಲ, ಇರಲಿ.

ನಲವತ್ತು ಸೀರೆಗಳು ಅಕ್ಕಪಕ್ಕ ಕೂರುವಾಗ ಒಂದು ದೊಡ್ಡದು ಒಂದು ಚಿಕ್ಕದು ಕಂಡರೆ ಗಿರಾಕಿಗೆ ಅಳತೆಯೇ ಬೇರೆ ಎನಿಸುತ್ತದೆ. ಮಡಿಕೆಯ ಅಗಲ ಒಂದೇ ಇರಲಿ, ಮೇಜಿನ ಮೇಲೆ ಟೇಪಿನ ಗುರುತು ಹಾಕಿ, ಕ್ಯಾಮೆರಾ ಸ್ಟ್ಯಾಂಡ್ ಅಲುಗದಿರಲಿ. ಹಿನ್ನೆಲೆ ಬಿಳಿ ಎಂದಷ್ಟೇ ಬರೆದರೆ ಸಾಲದು. ಪುಟದ ಬಿಳಿ ಅಚ್ಚ ಬಿಳಿಯಾಗಿದ್ದು ಚಿತ್ರದ ಬಿಳಿ ತುಸು ಬೂದಿಯಾಗಿದ್ದರೆ ಪ್ರತಿ ಸೀರೆಯ ಸುತ್ತ ಕೊಳಕು ಪೆಟ್ಟಿಗೆಯೊಂದು ಮೂಡುತ್ತದೆ.

ಎಲ್ಲಕ್ಕಿಂತ ಹೆಚ್ಚು ಜನ ಎಡವುವುದು ಜೂಮ್ ವಿಷಯದಲ್ಲಿ. ‘ಹೈ ರೆಸಲ್ಯೂಷನ್ ಕೊಡಿ’ ಎಂದರೆ ಮುಗಿಯಿತು ಎಂದುಕೊಳ್ಳುತ್ತಾರೆ. ಅಮೆಜಾನಿನಲ್ಲಿ ಚಿತ್ರದ ಉದ್ದ ಬದಿ 1000 ಪಿಕ್ಸೆಲ್ ಮುಟ್ಟಿದರೆ ಜೂಮ್ ತೆರೆದುಕೊಳ್ಳುತ್ತದೆ. ಆದರೆ ತೆರೆದುಕೊಂಡ ಮಾತ್ರಕ್ಕೆ ಒಳಗೆ ನೋಡಲು ಏನಾದರೂ ಇರಬೇಕಲ್ಲ! ನಮ್ಮ ಅಂಗಡಿಗೆ 2250 ಅಗಲ, 3000 ಎತ್ತರದ ಚಿತ್ರ ಎಂದು ಗೊತ್ತುಮಾಡೋಣ. ಫೋನಿನಲ್ಲಿ ಎರಡು ಪಟ್ಟು ಹಿಗ್ಗಿಸಲು ಅದು ಸಾಕು. ಈಗ ಉಟ್ಟ ಚಿತ್ರವನ್ನೇ ತೆಗೆದುಕೊಳ್ಳಿ. ಎರಡು ಮೀಟರ್ ಎತ್ತರಕ್ಕೆ 3000 ಪಿಕ್ಸೆಲ್ ಎಂದರೆ ಬಟ್ಟೆಯ ಒಂದು ಮಿಲಿಮೀಟರಿಗೆ ಒಂದೂವರೆ ಪಿಕ್ಸೆಲ್. ಆ ಒಂದು ಮಿಲಿಮೀಟರಿನಲ್ಲೇ ಎರಡು ಮೂರು ನೂಲಿನ ಎಳೆಗಳಿರುತ್ತವೆ. ಎಳೆಗಿಂತ ಪಿಕ್ಸೆಲ್ ದಪ್ಪವಾದ ಮೇಲೆ ಎಷ್ಟು ಹಿಗ್ಗಿಸಿದರೂ ನೇಯ್ಗೆ ಕಾಣದು. ಅದಕ್ಕೆ ಬೇರೆಯೇ ಚಿತ್ರ ಬೇಕು: 15 ಸೆಂಟಿಮೀಟರ್ ಅಗಲದ ಬಟ್ಟೆಯನ್ನಷ್ಟೇ ಹಿಡಿದದ್ದು. ಆಗ ಒಂದು ಮಿಲಿಮೀಟರಿಗೆ 15 ಪಿಕ್ಸೆಲ್ ಸಿಗುತ್ತದೆ, ಎಳೆ ಎಣಿಸಬಹುದು.

ಆ 15 ಸೆಂಟಿಮೀಟರ್ ಎಲ್ಲಿಯದಾಗಿರಬೇಕು ಎಂಬುದನ್ನು ಅಂಗಡಿಯವರೇ ಹೇಳಬೇಕು, ಫೋಟೋಗ್ರಾಫರಿಗೆ ತಿಳಿಯುವುದಿಲ್ಲ. ಇಳಕಲ್ ಸೀರೆಯಲ್ಲಿ ಒಡಲಿನ ಹಾಸಿಗೂ ಸೆರಗಿನ ಹಾಸಿಗೂ ಕೊಂಡಿ ಹಾಕಿ ಜೋಡಿಸುತ್ತಾರೆ. ತಿಳಿದ ಗಿರಾಕಿ ಹುಡುಕುವುದು ಆ ಜಾಗವನ್ನು. ಒಂದು ಹತ್ತಿರದ ಚಿತ್ರ ಕೊಂಡಿಯದು, ಇನ್ನೊಂದು ದಡಿಯದು ಎಂದು ಬರೆಯಿರಿ. ಬಟ್ಟೆಗೆ ಕ್ಯಾಮೆರಾ ನೇರವಾಗಿರಲಿ; ಓರೆಯಾದರೆ ಒಂದು ತುದಿ ಸ್ಪಷ್ಟ, ಇನ್ನೊಂದು ತುದಿ ಮಬ್ಬು.

ಎರಡು ತೊಂದರೆಗಳನ್ನು ಸ್ಥಳದಲ್ಲೇ ನೋಡಿಕೊಳ್ಳಬೇಕು. ಸಣ್ಣ ಚೌಕುಳಿಯ ಒಡಲಿನ ಮೇಲೆ ಕೆಲವೊಮ್ಮೆ ಬಟ್ಟೆಯಲ್ಲಿಲ್ಲದ ಅಲೆಗಳು, ಕಾಮನಬಿಲ್ಲಿನ ಛಾಯೆಗಳು ಕಾಣುತ್ತವೆ. ನೂಲಿನ ಸಾಲೂ ಕ್ಯಾಮೆರಾದ ಪಿಕ್ಸೆಲ್ ಸಾಲೂ ಒಂದರ ಮೇಲೊಂದು ಬಿದ್ದಾಗ ಹುಟ್ಟುವ ಈ ದೋಷಕ್ಕೆ ಮೊಯಿರೆ ಎನ್ನುತ್ತಾರೆ. ಕ್ಯಾಮೆರಾವನ್ನು ತುಸು ಹಿಂದೆ ಮುಂದೆ ಮಾಡಿದರೆ ಅಥವಾ ಸೀರೆಯನ್ನು ಕೊಂಚ ತಿರುಗಿಸಿದರೆ ಹೋಗುತ್ತದೆ. ಆಮೇಲೆ ಕಂಪ್ಯೂಟರಿನಲ್ಲಿ ತೆಗೆಯುವುದು ಕಷ್ಟ. ಎರಡನೆಯದು ಗಾಢ ಕೆಂಪು. ಬೆಳಕು ತುಸು ಹೆಚ್ಚಾದರೂ ಕೆಂಪು ತುಂಬಿಹೋಗಿ ರೇಷ್ಮೆಯ ದಡಿ ಬಣ್ಣ ಬಳಿದ ಪಟ್ಟಿಯಂತಾಗುತ್ತದೆ. ಕ್ಯಾಮೆರಾ ತೋರಿಸುವ ಹಿಸ್ಟೋಗ್ರಾಮಿನಲ್ಲಿ ಕೆಂಪಿನ ಗುಡ್ಡ ಬಲ ಅಂಚಿಗೆ ಒತ್ತಿ ನಿಂತಿದ್ದರೆ ಬೆಳಕು ಇಳಿಸಬೇಕು.

ಇಷ್ಟಾದರೂ ಕಾಗದದ ಮೇಲಿನ ಲೆಕ್ಕವನ್ನು ಪೂರ್ತಿ ನಂಬಬೇಡಿ. ಚಿತ್ರೀಕರಣದ ದಿನ ಬೆಳಿಗ್ಗೆ ಒಂದೇ ಸೀರೆಯ ನಾಲ್ಕೂ ಚಿತ್ರ ತೆಗೆಸಿ, sRGB ಬಣ್ಣದ JPEG ಮಾಡಿಸಿ, ವೆಬ್‌ಸೈಟಿಗೆ ಏರಿಸಿ ಸಾಧಾರಣ ಫೋನೊಂದರಲ್ಲಿ ನೋಡಿ. ಸಾಲಿನಲ್ಲಿ, ಮುಖಪುಟದಲ್ಲಿ, ಬುಟ್ಟಿಯಲ್ಲಿ, ಜೂಮಿನಲ್ಲಿ ದಡಿ ಸರಿಯಾಗಿ ಕಂಡ ಮೇಲೆ ಉಳಿದ ಮೂವತ್ತೊಂಬತ್ತಕ್ಕೆ ಕೈ ಹಾಕಿ. ಈ ಪರೀಕ್ಷೆಗೆ ಒಪ್ಪದ ಫೋಟೋಗ್ರಾಫರು ಎಷ್ಟೇ ಹೆಸರಾದವರಿರಲಿ, ಅಂಗಡಿಯ ಕೆಲಸಕ್ಕೆ ಅವರು ಬೇಡ.