ಮೇಜಿನ ಮೇಲಿನ ಪುಸ್ತಕ ಮತ್ತು ಜರ್ಮನ್ ವಿಭಕ್ತಿ

'ಪುಸ್ತಕ ಮೇಜಿನ ಮೇಲಿದೆ', 'ಪುಸ್ತಕವನ್ನು ಮೇಜಿನ ಮೇಲೆ ಇಡುತ್ತೇನೆ.' ಕನ್ನಡದಲ್ಲಿ ಎರಡಕ್ಕೂ 'ಮೇಜಿನ ಮೇಲೆ' ಸಾಕು. ಜರ್ಮನ್‌ನಲ್ಲಿ ಸಾಲದು. ಇರುವಾಗ 'ಔಫ್ ಡೇಮ್ ಟಿಶ್', ಇಡುವಾಗ 'ಔಫ್ ಡೇನ್ ಟಿಶ್'. ಮೊದಲನೆಯದು ಚತುರ್ಥಿ, ಎರಡನೆಯದು ದ್ವಿತೀಯಾ.

ಔಫ್, ಇನ್, ಆನ್, ಉಂಟರ್ ಮೊದಲಾದ 9 ಪದಗಳು ಹೀಗೆ ಎರಡೂ ವಿಭಕ್ತಿಗಳನ್ನು ಹಿಡಿಯುತ್ತವೆ.

ಕಲಿಯುವವರೊಬ್ಬರು 'ಇಷ್ ಲೇಗೆ ದಾಸ್ ಬೂಖ್ ಔಫ್ ಡೇಮ್ ಟಿಶ್' ಎಂದು ಬರೆದರೆನ್ನಿ. ತಿದ್ದುವವರು ಮೊದಲು ಕ್ರಿಯಾಪದ ನೋಡುತ್ತಾರೆ. 'ಲೇಗೆ' ಎಂದರೆ ಇಡುತ್ತೇನೆ, ಪ್ರಶ್ನೆ 'ಎಲ್ಲಿಗೆ?'. ಹಾಗಾಗಿ 'ಡೇಮ್' ಹೋಗಿ 'ಡೇನ್' ಬರಬೇಕು. ಕ್ರಿಯಾಪದ 'ಲೀಕ್ಟ್', ಅಂದರೆ 'ಬಿದ್ದಿದೆ' ಎಂದಾಗಿದ್ದರೆ ಪ್ರಶ್ನೆ 'ಎಲ್ಲಿ?', ಆಗ 'ಡೇಮ್' ಸರಿ.

ಚಲನೆ ಇದ್ದಲ್ಲೆಲ್ಲ ದ್ವಿತೀಯಾ ಎಂದುಕೊಂಡರೆ ಎಡವುತ್ತಾರೆ. ಉದ್ಯಾನದೊಳಗೇ ಓಡುತ್ತಿದ್ದರೆ 'ಇಮ್ ಪಾರ್ಕ್', ಚತುರ್ಥಿ. ಹೊರಗಿಂದ ಒಳಕ್ಕೆ ಓಡಿದರೆ 'ಇನ್ ಡೇನ್ ಪಾರ್ಕ್'. ಗಡಿ ದಾಟಿತೇ ಎಂಬುದೇ ಒರೆಗಲ್ಲು. ಕನ್ನಡಿಗರಿಗೆ ಇನ್ನೊಂದು ತೊಡಕಿದೆ: 'ಉದ್ಯಾನಕ್ಕೆ' ಎಂಬಲ್ಲಿ ನಮ್ಮದು ಚತುರ್ಥಿ, ಜರ್ಮನ್ನರದು ದ್ವಿತೀಯಾ.

'ವಾರ್ಟೆನ್ ಔಫ್', ಅಂದರೆ 'ಕಾಯುವುದು', ಎಂಬಲ್ಲಿ ಸ್ಥಳದ ಮಾತೇ ಇಲ್ಲ. ಈ ಪ್ರಶ್ನೆಗಳು ಅಲ್ಲಿ ನಡೆಯವು. ಕ್ರಿಯಾಪದದ ಜೊತೆಗೇ ದ್ವಿತೀಯಾ ಎಂದು ಕಲಿಯಬೇಕು.